ಮೆಣಸಿನಕಾಯಿ ಮುಲಾಮು: ಮೊದಲು ಉರಿ, ಆಮೇಲೆ ಶಮನ

ನಮ್ಮ ಹಿರಿಯ ಸದಸ್ಯರೊಬ್ಬರಿಗೆ ಪಕ್ಕೆಯ ಮೇಲೆ ಸರ್ಪಸುತ್ತು ಬಂದಿತ್ತು. ಗುಳ್ಳೆಗಳು ಒಣಗಿ ಹಕ್ಕಳೆ ಉದುರಿದರೂ ನೋವು ಮಾತ್ರ ಹೋಗಲಿಲ್ಲ. ಅಂಗಿ ತಾಗಿದರೆ ಕೆಂಡ ತಾಗಿದಂತಾಗುತ್ತಿತ್ತು. ನಾಲ್ಕು ತಿಂಗಳಾದ ಮೇಲೆ ವೈದ್ಯರು ಒಂದು ಮುಲಾಮು ಬರೆದುಕೊಟ್ಟರು. ಅದನ್ನು ಹಚ್ಚತೊಡಗಿದ ನಾಲ್ಕನೆಯ ದಿನ ಅವರು ಸಂಘದ ಕಚೇರಿಗೆ ಬಂದು, ಟ್ಯೂಬನ್ನು ಮೇಜಿನ ಮೇಲಿಟ್ಟು, "ಉರಿಗೆ ಔಷಧಿ ಕೇಳಿದರೆ ಮೆಣಸಿನಕಾಯಿ ಅರೆದು ಕೊಟ್ಟಿದ್ದಾರಲ್ಲ ಸ್ವಾಮಿ, ಇವತ್ತಿಗೆ ಬಿಟ್ಟೆ" ಎಂದರು. ಅವರ ಮಾತು ಸುಳ್ಳಲ್ಲ. ಟ್ಯೂಬಿನಲ್ಲಿದ್ದುದು ಮೆಣಸಿನಕಾಯಿಯ ಖಾರದ ಸತ್ತ್ವವಾದ ಕ್ಯಾಪ್ಸೈಸಿನ್, ಶೇಕಡಾ 0.075ರಷ್ಟು. ಆದರೆ ಅವರು ಬಿಟ್ಟದ್ದು ಬಿಡಬಾರದ ಹೊತ್ತಿನಲ್ಲಿ.

ಚರ್ಮದ ಮೇಲ್ಪದರದವರೆಗೆ ಕೂದಲಿಗಿಂತ ತೆಳುವಾದ ನರತುದಿಗಳು ಬಂದು ನಿಂತಿರುತ್ತವೆ. ಅವುಗಳ ಪೊರೆಯಲ್ಲಿ ಕೆರೆಯ ತೂಬಿನಂತಹ ದ್ವಾರಗಳಿವೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿ ತಾಗಿದರೆ ಈ ತೂಬು ತೆರೆದು, ಸೋಡಿಯಂ, ಕ್ಯಾಲ್ಸಿಯಂ ಕಣಗಳು ಒಳನುಗ್ಗಿ, "ಸುಡುತ್ತಿದೆ" ಎಂಬ ಸುದ್ದಿ ಮಿದುಳಿಗೆ ಹೋಗುತ್ತದೆ. ಕ್ಯಾಪ್ಸೈಸಿನ್ ಇದೇ ತೂಬಿಗೆ ಅಂಟಿಕೊಂಡು, ಬಿಸಿಯಿಲ್ಲದಿದ್ದರೂ ಅದನ್ನು ತೆರೆಯುತ್ತದೆ. ಚರ್ಮ ಸುಟ್ಟಿಲ್ಲ, ಆದರೂ ಸುಟ್ಟ ಸುದ್ದಿ ಹೋಗುತ್ತದೆ. ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು 1997ರಲ್ಲಿ ಈ ದ್ವಾರವನ್ನು ಗುರುತಿಸಿದರು. 2021ರ ನೊಬೆಲ್ ಬಹುಮಾನದಲ್ಲಿ ಜೂಲಿಯಸ್ ಅವರಿಗೆ ಪಾಲು ಬಂತು. ಹಕ್ಕಿಗಳಲ್ಲಿ ಈ ತೂಬು ಬಿಸಿಗೆ ತೆರೆಯುತ್ತದೆ, ಖಾರಕ್ಕೆ ಜಗ್ಗುವುದಿಲ್ಲ. ನಮ್ಮ ತೋಟದ ಮೂಲೆಯಲ್ಲಿ ಯಾರೂ ನೆಡದ ಸೂಜಿಮೆಣಸು ಹುಟ್ಟುವುದಕ್ಕೆ, ಹಣ್ಣನ್ನು ನಿರಾಯಾಸವಾಗಿ ತಿಂದು ಬೀಜ ಉದುರಿಸುವ ಈ ಹಕ್ಕಿಗಳೇ ಕಾರಣ.

ಹಾಗಾದರೆ ಉರಿಸುವ ವಸ್ತು ಉರಿಯನ್ನು ತಗ್ಗಿಸುವುದು ಹೇಗೆ? ಒಳನುಗ್ಗಿದ ಕ್ಯಾಲ್ಸಿಯಮ್ಮೇ ಸ್ವಲ್ಪ ಹೊತ್ತಿನಲ್ಲಿ ತೂಬನ್ನು ಮಂಕುಗೊಳಿಸುತ್ತದೆ. ಆಗ ಅದೇ ಖಾರಕ್ಕೆ ಅದು ಮೊದಲಿನಷ್ಟು ತೆರೆಯುವುದಿಲ್ಲ. ಇದು ತಾತ್ಕಾಲಿಕ, ಬಿಟ್ಟರೆ ಮತ್ತೆ ಚುರುಕಾಗುತ್ತದೆ. ಆದರೆ ದಿನವೂ ಬಿಡದೆ ಹಚ್ಚಿದರೆ ಕ್ಯಾಲ್ಸಿಯಂ ಹೊರೆಯಿಂದ ನರತುದಿಯೇ ಸೋತು, ಮೇಲ್ಪದರದಿಂದ ಹಿಂದೆ ಸರಿಯುತ್ತದೆ. ಸುದ್ದಿ ಕಳಿಸುವ ತುದಿಯೇ ಅಲ್ಲಿಲ್ಲವಾದ್ದರಿಂದ ನೋವು ತಗ್ಗುತ್ತದೆ. ನರತುದಿಯಲ್ಲಿ ನೋವಿನ ಸಂದೇಶವಸ್ತು ಖಾಲಿಯಾಗುವುದೇ ಕಾರಣವೆಂದು 1980ರ ದಶಕದಲ್ಲಿ ಹೇಳುತ್ತಿದ್ದರು. ಅದು ಮುಖ್ಯ ಕಾರಣವಲ್ಲವೆಂಬುದು ಈಗಿನ ತಿಳಿವಳಿಕೆ. ಮುಟ್ಟಿದ್ದನ್ನು ತಿಳಿಸುವ ದಪ್ಪ ನರಗಳಲ್ಲಿ ಈ ತೂಬು ಬಹುತೇಕ ಇಲ್ಲದ ಕಾರಣ, ಹತ್ತಿಯಿಂದ ಸವರಿದರೆ ಆ ಜಾಗಕ್ಕೆ ತಿಳಿಯುತ್ತದೆ.

ನಮ್ಮ ಸದಸ್ಯರ ವಿಚಾರಕ್ಕೆ ಬರೋಣ. ದಿನಕ್ಕೆ ನಾಲ್ಕು ಸಲ ಎಂದು ಚೀಟಿಯಲ್ಲಿತ್ತು. ಉರಿಗೆ ಹೆದರಿ ಅವರು ಹಚ್ಚುತ್ತಿದ್ದುದು ರಾತ್ರಿ ಒಂದೇ ಸಲ, ಅದೂ ಹಂಡೆಯ ಬಿಸಿನೀರು ಸ್ನಾನ ಮಾಡಿ ಬಂದ ಕೂಡಲೆ! ಖಾರ ಅಂಟಿದ ತೂಬು ಕಡಿಮೆ ಬಿಸಿಗೂ ತೆರೆಯುವುದರಿಂದ ಬೆಚ್ಚನೆಯ ಚರ್ಮಕ್ಕೆ ಅದು ಇಮ್ಮಡಿ ಉರಿ. ದಿನಕ್ಕೊಂದೇ ಸಲವಾದರೆ ತೂಬು ನಡುವೆ ಚೇತರಿಸಿಕೊಳ್ಳುತ್ತದೆ; ಹೀಗಾಗಿ ಉರಿಯ ಪಾಲಷ್ಟೇ ದಕ್ಕಿ, ಶಮನದ ಪಾಲು ತಪ್ಪುತ್ತಿತ್ತು. ವೈದ್ಯರನ್ನು ಮತ್ತೆ ಕಂಡು ಬಂದ ಮೇಲೆ ಅವರು ತೆಳ್ಳಗೆ, ನಾಲ್ಕು ಸಲ, ಸ್ನಾನಕ್ಕೆ ಸಾಕಷ್ಟು ಮೊದಲು ಅಥವಾ ಮೈ ತಣಿದ ನಂತರ ಹಚ್ಚತೊಡಗಿದರು. ಮೊದಲ ವಾರ ಕಷ್ಟವೇ ಆಯಿತು. ಎರಡನೆಯ ವಾರ ಉರಿ ಇಳಿಯಿತು. ಐದನೆಯ ವಾರಕ್ಕೆ ಅಂಗಿ ತೊಟ್ಟು ಪೇಟೆಗೆ ಹೋಗುವಂತಾದರು. ನೋವು ಪೂರ್ತಿ ಹೋಯಿತೆಂದಲ್ಲ, ಅರ್ಧ ಇಳಿದಿದೆ ಎನ್ನುತ್ತಾರೆ.

ಎಲ್ಲರಿಗೂ ಇಷ್ಟು ಗುಣ ಸಿಕ್ಕುವುದಿಲ್ಲ; ಕೆಲವರಿಗೆ ಏನೂ ಸಿಕ್ಕುವುದಿಲ್ಲ. ಹಚ್ಚುವುದನ್ನು ನಿಲ್ಲಿಸಿದರೆ ನರತುದಿಗಳು ವಾರಗಳು, ತಿಂಗಳುಗಳಲ್ಲಿ ಮತ್ತೆ ಚಿಗುರುತ್ತವೆ, ನೋವೂ ಮರಳಬಹುದು. ಇದಕ್ಕಿಂತ ನೂರು ಪಟ್ಟಿಗೂ ಹೆಚ್ಚು ಪ್ರಬಲವಾದ ಶೇಕಡಾ 8ರ ಪಟ್ಟಿಯೊಂದಕ್ಕೆ ಅಮೆರಿಕ, ಯುರೋಪುಗಳಲ್ಲಿ 2009ರಲ್ಲಿ ಅನುಮತಿ ದೊರೆಯಿತು. ಸರ್ಪಸುತ್ತಿನ ನಂತರದ ನೋವಿಗೆ ಅದನ್ನು ಚಿಕಿತ್ಸಾಲಯದಲ್ಲಿ ಕೈಗವಸು ಧರಿಸಿದವರು ಒಂದು ಗಂಟೆ ಅಂಟಿಸಿ ತೆಗೆಯುತ್ತಾರೆ. ಸಾಮಾನ್ಯವಾಗಿ ಮೂರು ತಿಂಗಳ ಒಳಗೆ ಮತ್ತೆ ಅಂಟಿಸುವುದಿಲ್ಲ.

ಇಷ್ಟು ಓದಿ ಯಾರೂ ಮನೆಯ ಸೂಜಿಮೆಣಸನ್ನು ಅರೆದು ಹಚ್ಚಲು ಹೋಗಬೇಡಿ. ಕಾಯಿಂದ ಕಾಯಿಗೆ ಖಾರ ಬೇರೆ, ಅಳತೆ ಸಿಕ್ಕದು, ಬೊಕ್ಕೆ ಏಳುತ್ತದೆ. ಮುಲಾಮನ್ನೂ ಒಡೆದ ಗುಳ್ಳೆ, ಗಾಯಗಳ ಮೇಲೆ ಹಚ್ಚಕೂಡದು. ಕ್ಯಾಪ್ಸೈಸಿನ್ ಬರಿಯ ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ಹಚ್ಚಿದ ಬೆರಳನ್ನು ಸುಮ್ಮನೆ ತೊಳೆದರೆ ಸಾಲದು. ಮೊದಲು ಅಡುಗೆ ಎಣ್ಣೆ ಸವರಿ ಒರೆಸಿ, ಆಮೇಲೆ ಸೋಪು ಹಚ್ಚಿ ತೊಳೆದು, ಅನಂತರವೇ ಕಣ್ಣು ಮೂಗು ಮುಟ್ಟತಕ್ಕದ್ದು.