ತ್ರಿಕೋನದಲ್ಲಿ ಕೂರದ ಮೂರು ಅಳತೆಗಳು

ಸಮಾಜಶಾಸ್ತ್ರದ ತರಗತಿಯಲ್ಲಿ ಸಾಮಾಜಿಕ ಸ್ತರವಿನ್ಯಾಸ ಎಂದರೆ ಪರದೆಯ ಮೇಲೆ ಬರುವುದು ಸಾಮಾನ್ಯವಾಗಿ ಒಂದು ತ್ರಿಕೋನ. ತುದಿಯಲ್ಲಿ ಶ್ರೀಮಂತರು, ನಡುವೆ ಮಧ್ಯಮ ವರ್ಗ, ಬುಡದಲ್ಲಿ ಬಡವರು. ಪರೀಕ್ಷೆಗೆ ಬರೆಯಲು ಅಷ್ಟು ಸಾಕಾಗಬಹುದು, ನಮ್ಮ ಊರು ಕೇರಿ ಅರ್ಥವಾಗಲು ಸಾಲದು.

ಒಂದೇ ಮನೆಯ ಅಣ್ಣನಿಗೆ ಸಂಬಳ ಹೆಚ್ಚು, ತಮ್ಮನಿಗೆ ಕಡಿಮೆ. ಇದು ವ್ಯತ್ಯಾಸ ಮಾತ್ರ, ಸ್ತರವಲ್ಲ. ಒಂದು ಇಡೀ ಗುಂಪಿನ ಪಾಲಿಗೆ ಜಮೀನು, ಮರ್ಯಾದೆ, ಅವಕಾಶಗಳು ಕಡಿಮೆಯಾಗಿ, ಅದು ಅಪ್ಪನಿಂದ ಮಗನಿಗೆ, ತಾಯಿಯಿಂದ ಮಗಳಿಗೆ ದಾಟುತ್ತಿದ್ದರೆ ಅದು ಸ್ತರ. ಜರ್ಮನಿಯ ಮ್ಯಾಕ್ಸ್ ವೆಬರ್ ಇದನ್ನು ಅಳೆಯಲು ಹಣ, ಮಾನ, ಅಧಿಕಾರ ಎಂಬ ಮೂರನ್ನೂ ಬೇರೆಬೇರೆಯಾಗಿ ನೋಡಬೇಕು ಎಂದರು. ಒಂದರಲ್ಲಿ ಮೇಲಿರುವವರು ಇನ್ನೊಂದರಲ್ಲೂ ಮೇಲಿರಬೇಕೆಂದಿಲ್ಲ.

ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಸಮೀಪದ ಹಳ್ಳಿಯೊಂದರಲ್ಲಿ ಉಳಿದು ಕಂಡದ್ದು ಇದನ್ನೇ. ಬರಹದಲ್ಲಿ ಆ ಊರಿಗೆ ಅವರು ರಾಮಪುರ ಎಂದು ಹೆಸರಿಟ್ಟರು. ಪೂಜೆ, ಮಡಿಯ ಲೆಕ್ಕದಲ್ಲಿ ಬ್ರಾಹ್ಮಣರು ಮೇಲೆ. ಆದರೆ ಜಮೀನು ಹೆಚ್ಚಾಗಿ ಒಕ್ಕಲಿಗರದ್ದು, ಜನಸಂಖ್ಯೆಯಲ್ಲೂ ಅವರೇ ಹೆಚ್ಚು. ಹಾಗಾಗಿ ನ್ಯಾಯ ಪಂಚಾಯಿತಿಯಲ್ಲಿ ನಡೆಯುತ್ತಿದ್ದುದು ಅವರ ಮಾತು. ಇಂಥ ಗುಂಪನ್ನು ಶ್ರೀನಿವಾಸ್ 'ಪ್ರಬಲ ಜಾತಿ' ಎಂದು ಕರೆದರು.

ಈ ಸ್ತರಗಳು ಕದಲುವುದೇ ಇಲ್ಲವೆಂದಲ್ಲ. ದೇವರಾಜ ಅರಸು ಸರ್ಕಾರದ 1974ರ ಭೂಸುಧಾರಣೆಯಿಂದ ಗೇಣಿಗೆ ಉಳುತ್ತಿದ್ದ ಎಷ್ಟೋ ಮಂದಿ ಹೊಲದ ಒಡೆಯರಾದರು. ಊರಲ್ಲಿ ಕುಳಿತೋ ಪಟ್ಟಣದಲ್ಲಿದ್ದೋ ಗೇಣಿ ಪಡೆಯುತ್ತಿದ್ದ ಮನೆತನಗಳು ಜಮೀನು ಕಳೆದುಕೊಂಡವು. ಆದರೆ ಆ ಕಾಯ್ದೆಯ ಹಕ್ಕು ಮುಖ್ಯವಾಗಿ ಗೇಣಿದಾರರಿಗೆ. ಕೂಲಿಗೆ ಬರುವವರ ಬಳಿ ಗೇಣಿಯೂ ಇರಲಿಲ್ಲ. ಅವರಲ್ಲಿ ಬಹಳಷ್ಟು ಮಂದಿ ದಲಿತರು. ನಡುವಿನ ಮೆಟ್ಟಿಲಲ್ಲಿದ್ದವರು ಮೇಲೇರಿದರು, ಕೆಳಗಿದ್ದವರಲ್ಲಿ ಬಹುಪಾಲು ಜನ ಇದ್ದಲ್ಲೇ ಉಳಿದರು. ಸ್ತರವಿನ್ಯಾಸದ ಪಾಠಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ನಗರಕ್ಕೆ ಬಂದರೆ ಜಾತಿ ಕರಗುತ್ತದೆ ಎನ್ನುವವರು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವವರ ಜೊತೆ ಒಂದು ಸಂಜೆ ತಿರುಗಲಿ. ಒಳ್ಳೆಯ ಸಂಬಳದ ದಲಿತ ಇಂಜಿನಿಯರ್ ಒಬ್ಬರನ್ನು ಊಹಿಸಿಕೊಳ್ಳಿ. ಅಡ್ವಾನ್ಸ್ ಕೈಯಲ್ಲೇ ಇದೆ. ಮನೆ ಮಾಲೀಕರು ಕೆಲಸ, ಕಂಪನಿ ಕೇಳಿ ತಲೆಯಾಡಿಸುತ್ತಾರೆ. ಆಮೇಲೆ "ನೀವು ವೆಜ್ಜಾ, ನಾನ್‌ವೆಜ್ಜಾ?" ಎಂಬ ಪ್ರಶ್ನೆ. ಅದರ ಬೆನ್ನಿಗೇ "ನಿಮ್ಮ ಕಡೆಯವರು ಯಾವ ಜನ?" ಉತ್ತರ ಕೇಳಿದ ಮೇಲೆ, "ಇನ್ನೊಬ್ಬರು ನೋಡಿಕೊಂಡು ಹೋಗಿದ್ದಾರೆ, ಫೋನ್ ಮಾಡ್ತೀವಿ." ಹಣದ ಅಳತೆಯಲ್ಲಿ ಈ ಇಂಜಿನಿಯರ್ ಮಾಲೀಕರಿಗಿಂತ ಮೇಲಿರಬಹುದು, ಮಾನದ ಅಳತೆಗೋಲು ಮಾತ್ರ ಇನ್ನೂ ಮಾಲೀಕರ ಕೈಯಲ್ಲಿದೆ. ಪಿರಮಿಡ್ಡಿನ ಚಿತ್ರದಲ್ಲಿ ಇವರನ್ನು ಎಲ್ಲಿ ಕೂರಿಸುವುದು?

ಅದಕ್ಕೇ ಮೇಷ್ಟರುಗಳು ಸ್ಲೈಡಿನಲ್ಲಿ ತ್ರಿಕೋನದ ಬದಲು ಮೂರು ಕಾಲಂ ಎಳೆಯಲಿ: ಹಣ, ಮಾನ, ಅಧಿಕಾರ. ಊರಿನ ಜಮೀನ್ದಾರ, ಅರ್ಚಕ, ಕೂಲಿಯಾಳು, ಅಪಾರ್ಟ್‌ಮೆಂಟಿನ ಮನೆಗೆಲಸದಾಕೆ, ಈ ಇಂಜಿನಿಯರ್, ಒಬ್ಬೊಬ್ಬರನ್ನೂ ಮೂರರಲ್ಲೂ ಬರೆಯಲು ಮಕ್ಕಳಿಗೆ ಹೇಳಲಿ. ಕೂಲಿಯಾಳಿಗೂ ಮನೆಗೆಲಸದಾಕೆಗೂ ಮೂರು ಕಡೆಯೂ ಕೆಳಗಿನ ಸಾಲೇ ಸಿಗುತ್ತದೆ. ಅರ್ಚಕರ ಮತ್ತು ಇಂಜಿನಿಯರರ ಹೆಸರು ಬಂದಾಗ ತರಗತಿಯಲ್ಲಿ ಜಗಳ ಶುರುವಾಗುತ್ತದೆ, ಪಾಠವೂ ಅಲ್ಲಿಂದಲೇ ಶುರು.