ಹಳೆಯ ದಿಕ್ಕುಗಳ ಹೊರೆ

ಒಂದು ಕೋಣೆಯ ಮೂಲೆಯಲ್ಲಿ ಬಿಸಿಯಾದ ಯಂತ್ರವಿದೆ, ಎದುರಿನ ಕಿಟಕಿಯಿಂದ ಗಾಳಿ ಬೀಸುತ್ತಿದೆ. ಕೋಣೆಯ ಯಾವ ಜಾಗದಲ್ಲಿ ಎಷ್ಟು ಉಷ್ಣತೆ ಇದ್ದೀತು ಎಂದು ಲೆಕ್ಕ ಹಾಕಬೇಕು. ಎಂಜಿನಿಯರುಗಳು ಕೋಣೆಯನ್ನು ಉದ್ದ, ಅಗಲ, ಎತ್ತರ ಮೂರರಲ್ಲೂ ನೂರು ನೂರು ಭಾಗ ಮಾಡುತ್ತಾರೆ. ಹತ್ತು ಲಕ್ಷ ಪುಟ್ಟ ಘನಗಳು, ಹತ್ತು ಲಕ್ಷ ಉಷ್ಣತೆಗಳು, ಅಷ್ಟೇ ಸಮೀಕರಣಗಳು. ಒಂದು ಘನದ ಉಷ್ಣತೆ ಅದರ ಆರು ಮಗ್ಗುಲಿನ ಘನಗಳಿಗೆ ಮಾತ್ರ ಅಂಟಿಕೊಂಡಿರುವುದರಿಂದ, ಸಮೀಕರಣಗಳ ಮ್ಯಾಟ್ರಿಕ್ಸ್‌ನ ಒಂದೊಂದು ಅಡ್ಡಸಾಲಿನಲ್ಲಿ ಏಳು ಅಂಕಿಗಳಷ್ಟೇ ಇರುತ್ತವೆ, ಮಿಕ್ಕದ್ದೆಲ್ಲ ಸೊನ್ನೆ. ಸೊನ್ನೆಗಳನ್ನು ಬಿಟ್ಟು ಬರೆದಿಟ್ಟರೆ ಇಡೀ ಮ್ಯಾಟ್ರಿಕ್ಸ್ ಸುಮಾರು 88 ಮೆಗಾಬೈಟ್‌ನಲ್ಲಿ ಮುಗಿಯುತ್ತದೆ. ಸೊನ್ನೆಗಳನ್ನೂ ಸೇರಿಸಿ ಬರೆಯಹೊರಟರೆ 80 ಲಕ್ಷ ಮೆಗಾಬೈಟ್ ಬೇಕು.

ಹಾಗಾಗಿ ಶಾಲೆಯಲ್ಲಿ ಕಲಿತಂತೆ ಒಂದೊಂದೇ ಚರವನ್ನು ಕಳೆಯುತ್ತಾ ಹೋಗುವುದು ಇಲ್ಲಿ ದುಬಾರಿ. ಹಾಗೆ ಮಾಡಿದರೆ ಸೊನ್ನೆಗಳಿದ್ದ ಜಾಗದಲ್ಲೆಲ್ಲ ಅಂಕಿಗಳು ತುಂಬಿಕೊಳ್ಳುತ್ತವೆ. ಮ್ಯಾಟ್ರಿಕ್ಸನ್ನು ಮುಟ್ಟದೆ ಅದರಿಂದ ಅಗ್ಗವಾಗಿ ಮಾಡಿಸಿಕೊಳ್ಳಬಹುದಾದ ಕೆಲಸ ಒಂದೇ: ಒಂದು ಸದಿಶವನ್ನು ಕೊಟ್ಟು ಗುಣಿಸುವುದು. ಬಂದ ಸದಿಶವನ್ನು ಮತ್ತೆ ಗುಣಿಸಬಹುದು, ಅದನ್ನು ಮತ್ತೂ ಒಮ್ಮೆ. ಈ ಸರಣಿಯ ಸದಿಶಗಳನ್ನು ಬೆರೆಸಿ ಸಿಗುವ ಜಾಗಕ್ಕೆ ರಷ್ಯಾದ ನೌಕಾ ಎಂಜಿನಿಯರ್ ಅಲೆಕ್ಸಿ ಕ್ರಿಲೋವ್ ಹೆಸರಿದೆ. ಅವರು ಇದನ್ನು 1931ರಲ್ಲಿ ಕಂಪನಗಳ ಲೆಕ್ಕಕ್ಕೆ ಬಳಸಿದ್ದರು. ಉತ್ತರವನ್ನು ಇಡೀ ಹತ್ತು ಲಕ್ಷ ಆಯಾಮಗಳಲ್ಲಿ ಹುಡುಕುವ ಬದಲು ಈ ಚಿಕ್ಕ ಜಾಗದಲ್ಲಿ ಹುಡುಕುವುದು ಉಪಾಯ.

ತೊಡಕೆಂದರೆ, ಗುಣಿಸುತ್ತಾ ಹೋದಂತೆ ಸದಿಶಗಳೆಲ್ಲ ಒಂದೇ ದಿಕ್ಕಿಗೆ ವಾಲುತ್ತವೆ. ಮ್ಯಾಟ್ರಿಕ್ಸ್ ಯಾವ ದಿಕ್ಕನ್ನು ಹೆಚ್ಚು ಹಿಗ್ಗಿಸುತ್ತದೆಯೋ ಆ ದಿಕ್ಕು ಉಳಿದವನ್ನು ಮುಚ್ಚಿಹಾಕುತ್ತದೆ. ಗಣಕವು ಒಂದು ಸಂಖ್ಯೆಯಲ್ಲಿ ಹದಿನಾರು ಅಂಕಿಗಳಷ್ಟೇ ನೆನಪಿಟ್ಟುಕೊಳ್ಳುವುದರಿಂದ, ಸ್ವಲ್ಪ ಹೊತ್ತಿನಲ್ಲಿ ಮೂವತ್ತನೆಯ ಸದಿಶಕ್ಕೂ ಮೂವತ್ತೊಂದನೆಯದಕ್ಕೂ ಇರುವ ವ್ಯತ್ಯಾಸವೇ ಅಳಿಸಿಹೋಗಬಹುದು. 1951ರಲ್ಲಿ ಅಮೆರಿಕದ ಎಂಜಿನಿಯರ್ ವಾಲ್ಟರ್ ಆರ್ನಾಲ್ಡಿ ಪ್ರಕಟಿಸಿದ ವಿಧಾನ ಇದಕ್ಕೆ ಮದ್ದು. ಪ್ರತಿ ಬಾರಿ ಗುಣಿಸಿದ ಕೂಡಲೇ, ಹಿಂದಿನ ಎಲ್ಲ ದಿಕ್ಕುಗಳ ಮೇಲೆ ಹೊಸ ಸದಿಶ ಬೀಳಿಸುವ ನೆರಳುಗಳನ್ನು ಅದರಿಂದ ಕಳೆಯಬೇಕು. ಉಳಿದ ಚೂರು ಹಿಂದಿನವಕ್ಕೆಲ್ಲ ಲಂಬ. ಅದರ ಉದ್ದವನ್ನು ಒಂದಕ್ಕೆ ಇಳಿಸಿದರೆ ಮುಂದಿನ ದಿಕ್ಕು ಸಿದ್ಧ. ಹೀಗೆ ಒಂದಕ್ಕೊಂದು ಲಂಬವಾದ, ಏಕಮಾನ ಉದ್ದದ ಸದಿಶಗಳ ಆಧಾರ ಕಟ್ಟಿಕೊಳ್ಳುತ್ತದೆ.

ಕೈಯಲ್ಲೇ ಮಾಡಿ ನೋಡಬಹುದಾದ ಒಂದು ಪುಟ್ಟ ಮ್ಯಾಟ್ರಿಕ್ಸ್ ತೆಗೆದುಕೊಳ್ಳೋಣ.

```
2 5 0
3 0 5
4 5 0
```

ಮೊದಲ ದಿಕ್ಕು (1, 0, 0). ಗುಣಿಸಿದರೆ (2, 3, 4) ಬರುತ್ತದೆ. ಮೊದಲ ದಿಕ್ಕಿನ ಮೇಲೆ ಇದರ ನೆರಳು 2. ಅದನ್ನು ಕಳೆದರೆ (0, 3, 4), ಉದ್ದ 5. ಐದರಿಂದ ಭಾಗಿಸಿದರೆ ಎರಡನೆಯ ದಿಕ್ಕು (0, 0.6, 0.8). ಈಗ ಇದನ್ನು ಗುಣಿಸಿ: (3, 4, 3). ಮೊದಲ ದಿಕ್ಕಿನ ಮೇಲೆ ನೆರಳು 3, ಎರಡನೆಯದರ ಮೇಲೆ 4.8. ಎರಡನ್ನೂ ಕಳೆದರೆ (0, 1.12, -0.84) ಉಳಿಯುತ್ತದೆ. ಅದರ ಉದ್ದ 1.4, ಆದ್ದರಿಂದ ಮೂರನೆಯ ದಿಕ್ಕು (0, 0.8, -0.6). ಅದನ್ನು ಗುಣಿಸಿದಾಗ ಬರುವುದು (4, -3, 4). ಮೂರೂ ದಿಕ್ಕುಗಳ ಮೇಲೆ ಅದರ ನೆರಳುಗಳು 4, 1.4 ಮತ್ತು -4.8. ಅವನ್ನು ಕಳೆದರೆ ಏನೂ ಉಳಿಯುವುದಿಲ್ಲ. ಮೂರು ಆಯಾಮಗಳಲ್ಲಿ ನಾಲ್ಕನೆಯ ಲಂಬ ದಿಕ್ಕಿಗೆ ಜಾಗವೆಲ್ಲಿ?

ದಾರಿಯಲ್ಲಿ ಸಿಕ್ಕ ನೆರಳುಗಳನ್ನೂ ಉದ್ದಗಳನ್ನೂ ಕಂಬಸಾಲುಗಳಾಗಿ ಬರೆದಿಟ್ಟುಕೊಂಡರೆ ಇನ್ನೊಂದು ಮ್ಯಾಟ್ರಿಕ್ಸ್ ಆಗುತ್ತದೆ.

```
2  3    4
5  4.8  1.4
0  1.4 -4.8
```

ಮೂಲ ಮ್ಯಾಟ್ರಿಕ್ಸ್ ಮಾಡುವ ಕೆಲಸವನ್ನೇ ಇದು ಹೊಸ ದಿಕ್ಕುಗಳ ಕಣ್ಣಿನಿಂದ ಹೇಳುತ್ತದೆ. ಕರ್ಣದ ಮೊತ್ತ ಅಲ್ಲೂ 2, ಇಲ್ಲೂ 2. ದೊಡ್ಡ ಲೆಕ್ಕದಲ್ಲಿ ನೂರು ಹೆಜ್ಜೆಗೆ ನಿಂತರೆ ಹತ್ತು ಲಕ್ಷದ ಮ್ಯಾಟ್ರಿಕ್ಸ್‌ನ ಬದಲು ನೂರರಷ್ಟು ಪುಟ್ಟದೊಂದು ಕೈಗೆ ಬರುತ್ತದೆ. ಸಾದ್ ಮತ್ತು ಶುಲ್ಟ್ಸ್ 1986ರಲ್ಲಿ ಪ್ರಕಟಿಸಿದ ಜಿಎಂರೆಸ್ ವಿಧಾನ ಈ ಪುಟ್ಟದನ್ನು ಬಿಡಿಸಿಯೇ ದೊಡ್ಡ ಸಮೀಕರಣಗಳ ಉತ್ತರವನ್ನು ಅಂದಾಜಿಸುತ್ತದೆ.

ಇನ್ನು ಖರ್ಚಿನ ಮಾತು. ನಮ್ಮ ಕೋಣೆಯ ಮ್ಯಾಟ್ರಿಕ್ಸ್‌ನಿಂದ ಒಮ್ಮೆ ಗುಣಿಸಲು ಸುಮಾರು 1.4 ಕೋಟಿ ಕೂಡು-ಗುಣಿಸು ಲೆಕ್ಕಗಳು ಬೇಕು. ಮೊದಲ ಹೆಜ್ಜೆಯಾಗಲಿ ನೂರನೆಯದಾಗಲಿ, ಇದು ಬದಲಾಗದು. ಆದರೆ ಒಂದೊಂದು ಹಳೆಯ ದಿಕ್ಕಿನ ಮೇಲಿನ ನೆರಳನ್ನು ಅಳೆಯಲು 20 ಲಕ್ಷ, ಕಳೆಯಲು ಇನ್ನು 20 ಲಕ್ಷ ಲೆಕ್ಕಗಳು. ಮೊದಲ ಹೆಜ್ಜೆಯಲ್ಲಿ ಕಳೆಯಬೇಕಾದ ನೆರಳು ಒಂದೇ. ನಾಲ್ಕನೆಯ ಹೆಜ್ಜೆಗೆ ಬರುವಷ್ಟರಲ್ಲಿ ನಾಲ್ಕು ನೆರಳುಗಳಿಗೆ 1.6 ಕೋಟಿ, ಗುಣಾಕಾರವನ್ನು ಆಗಲೇ ಮೀರಿಯಾಯಿತು. ನೂರನೆಯ ಹೆಜ್ಜೆಯೊಂದಕ್ಕೇ 40 ಕೋಟಿ. ನೂರು ಹೆಜ್ಜೆಗಳನ್ನು ಒಟ್ಟು ಸೇರಿಸಿದರೆ ಗುಣಾಕಾರಕ್ಕೆ 140 ಕೋಟಿ, ನೆರಳು ಕಳೆಯುವುದಕ್ಕೆ 2,020 ಕೋಟಿ. ಹೆಜ್ಜೆಗಳನ್ನು ಇನ್ನೂರಕ್ಕೆ ಏರಿಸಿದರೆ ಗುಣಾಕಾರದ ಖರ್ಚು ಎರಡು ಪಟ್ಟಾಗುತ್ತದೆ, ನೆರಳಿನದು 8,040 ಕೋಟಿಗೆ, ಅಂದರೆ ಸುಮಾರು ನಾಲ್ಕು ಪಟ್ಟಿಗೆ ಏರುತ್ತದೆ.

ನೆನಪಿನ ಹೊರೆ ಅಷ್ಟು ಕಡಿದಾಗಿ ಏರುವುದಿಲ್ಲ, ಆದರೂ ಬಿಡದೆ ಬೆಳೆಯುತ್ತದೆ. ಒಂದು ದಿಕ್ಕಿಗೆ 8 ಮೆಗಾಬೈಟ್. ಹನ್ನೊಂದು ದಿಕ್ಕುಗಳಾದಾಗ ಅವು ಮ್ಯಾಟ್ರಿಕ್ಸ್‌ನಷ್ಟೇ ಜಾಗ ಹಿಡಿದಿರುತ್ತವೆ, ನೂರು ಹೆಜ್ಜೆಯ ಕೊನೆಗೆ 808 ಮೆಗಾಬೈಟ್. ಕೆಲಸ ಮುಗಿದವನ್ನು ಎಸೆಯೋಣವೆಂದರೆ ಕೆಲಸ ಮುಗಿಯುವುದೇ ಇಲ್ಲ: ಮುಂದಿನ ಪ್ರತಿ ಹೆಜ್ಜೆಯ ನೆರಳಿಗೂ ಅವು ಬೇಕು, ಕೊನೆಯಲ್ಲಿ ಉತ್ತರವನ್ನು ಬೆರೆಸಿ ಕಟ್ಟಲೂ ಬೇಕು.

ಎಲ್ಲ ಮ್ಯಾಟ್ರಿಕ್ಸ್‌ಗಳೂ ಹೀಗೆ ಕಾಡುವುದಿಲ್ಲ. ಎರಡನೆಯ ಮ್ಯಾಟ್ರಿಕ್ಸ್‌ನ ಎಡಗಡೆಯ ಕೆಳಮೂಲೆ ನೋಡಿ, ಅಲ್ಲಿ ಸೊನ್ನೆಯಿದೆ. ಮೊದಲ ದಿಕ್ಕನ್ನು ಗುಣಿಸಿದಾಗ ಬರುವುದರಲ್ಲಿ ಮೊದಲೆರಡು ದಿಕ್ಕುಗಳಷ್ಟೇ ಇರುವುದರಿಂದ ಅಲ್ಲಿ ಎಂದಿಗೂ ಸೊನ್ನೆಯೇ. ಮೂಲ ಮ್ಯಾಟ್ರಿಕ್ಸ್ ಸಮಮಿತೀಯವಾಗಿದ್ದರೆ ಎದುರಿನ ಮೂಲೆಯ 4 ಕೂಡ ತಾನಾಗಿ ಸೊನ್ನೆಯಾಗುತ್ತಿತ್ತು. ಆಗ ಹಿಂದಿನ ಎರಡು ದಿಕ್ಕುಗಳನ್ನಷ್ಟೇ ಇಟ್ಟುಕೊಂಡರೆ ಸಾಕು, ಪ್ರತಿ ಹೆಜ್ಜೆಗೂ ಒಂದೇ ಬೆಲೆ. ಲ್ಯಾಂಕ್ಜೋಸ್ 1950ರಲ್ಲಿ ತೋರಿಸಿದ್ದು ಇದನ್ನೇ. ನಮ್ಮ ಕೋಣೆಯಲ್ಲಿ ಆ ಸೌಭಾಗ್ಯವನ್ನು ಕಸಿದದ್ದು ಗಾಳಿ. ಬಿಸಿ ತಾನೇ ಹರಡಿಕೊಂಡಿದ್ದರೆ ಎಡ-ಬಲ ಸಮನಾಗಿರುತ್ತಿತ್ತು, ಬೀಸುವ ಗಾಳಿ ಒಂದು ಕಡೆಯ ಪಕ್ಷ ವಹಿಸುತ್ತದೆ.

ದುಡ್ಡು ಕೊಟ್ಟ ಮೇಲೂ ಲಂಬತೆ ಖಾತರಿಯಿಲ್ಲ ಎನ್ನುವುದು ಇನ್ನೊಂದು ಕಿರಿಕಿರಿ. ಹೊಸ ಸದಿಶ ಬಹುಪಾಲು ಹಳೆಯ ದಿಕ್ಕುಗಳಲ್ಲೇ ಅಡಗಿದ್ದರೆ, ಕಳೆದಾದ ಮೇಲೆ ಉಳಿಯುವ ಚೂರಿನಲ್ಲಿ ನಿಜವಾದ ಅಂಕಿಗಳಿಗಿಂತ ಗಣಕದ ದುಂಡುಗೂಡಿಸುವಿಕೆಯ ಕಸವೇ ಹೆಚ್ಚಾಗಿರಬಹುದು. ಕಳೆಯುವ ಮುಂಚಿನ ಮತ್ತು ನಂತರದ ಉದ್ದಗಳನ್ನು ಹೋಲಿಸಿದರೆ ಇದು ಗೊತ್ತಾಗುತ್ತದೆ: ಉದ್ದ ತೀರಾ ಕುಸಿದಿದ್ದರೆ ಅನುಮಾನಪಡಬೇಕು. ಪರಿಹಾರ ಒರಟಾದರೂ ಫಲಕಾರಿ. ಉಳಿದ ಚೂರಿನಿಂದ ಅದೇ ನೆರಳುಗಳನ್ನು ಇನ್ನೊಮ್ಮೆ ಕಳೆಯುವುದು, ಆ ಹೆಜ್ಜೆಯ ಖರ್ಚು ಎರಡು ಪಟ್ಟಾದರೂ ಸರಿ. ಸಾಮಾನ್ಯವಾಗಿ ಎರಡನೆಯ ಸಲಕ್ಕೆ ಸಾಕಾಗುತ್ತದೆ.

ಹೊರೆ ತಡೆಯಲಾರದೆ ಹೆಚ್ಚಿನವರು ಮಾಡುವುದು, ಇಷ್ಟು ಹೆಜ್ಜೆಗಳಾದ ಮೇಲೆ ಅಲ್ಲಿಯವರೆಗಿನ ಅಂದಾಜು ಉತ್ತರವನ್ನು ಮಾತ್ರ ಇಟ್ಟುಕೊಂಡು, ದಿಕ್ಕುಗಳನ್ನೆಲ್ಲ ಅಳಿಸಿ ಹೊಸದಾಗಿ ಶುರುಮಾಡುವುದು. ಪೆಟ್ಸಿ ಎಂಬ ಪ್ರಸಿದ್ಧ ತಂತ್ರಾಂಶದಲ್ಲಿ ನೀವು ಬೇರೆ ಹೇಳದಿದ್ದರೆ ಮೂವತ್ತು ಹೆಜ್ಜೆಗೆ ಹೀಗಾಗುತ್ತದೆ. ನಮ್ಮ ಲೆಕ್ಕಕ್ಕೆ ಅದು 248 ಮೆಗಾಬೈಟ್, ಯಾವ ಲ್ಯಾಪ್‌ಟಾಪಿಗೂ ಭಾರವಲ್ಲ. ಆದರೆ ಅಳಿಸಿದ ದಿಕ್ಕುಗಳಲ್ಲಿದ್ದ ತಿಳಿವಳಿಕೆಯೂ ಅಳಿಸಿಹೋಗುತ್ತದೆ. ಸದಿಶದ ಅಂಕಿಗಳನ್ನು ಒಂದೊಂದು ಸ್ಥಾನ ಮುಂದೆ ಸರಿಸಿ, ಕೊನೆಯದನ್ನು ಮೊದಲಿಗೆ ತರುವುದಷ್ಟೇ ಕೆಲಸವಾದ ಮ್ಯಾಟ್ರಿಕ್ಸ್ ಒಂದನ್ನು ಊಹಿಸಿ. ಬಲಗಡೆಯ ಸದಿಶ (1, 0, 0, …) ಆಗಿದ್ದು ಸೊನ್ನೆಯಿಂದ ಆರಂಭಿಸಿದರೆ, ಕಟ್ಟಕಡೆಯ ಹೆಜ್ಜೆಯವರೆಗೆ ದೋಷ ಕೂದಲೆಳೆಯಷ್ಟೂ ಇಳಿಯದು, ಆ ಹೆಜ್ಜೆಯಲ್ಲಿ ಒಮ್ಮೆಗೇ ಸೊನ್ನೆ. ನೂರು ಅಂಕಿಗಳ ಇಂಥ ಲೆಕ್ಕವನ್ನು ಮೂವತ್ತಕ್ಕೊಮ್ಮೆ ಅಳಿಸುತ್ತಾ ಹೋದರೆ ಗಣಕ ಎಷ್ಟು ವರ್ಷ ಓಡಿದರೂ ಉತ್ತರ ಬಾರದು. ಪರದೆಯ ಮೇಲೆ ದೋಷದ ಅಂಕಿ ಸುತ್ತಿನಿಂದ ಸುತ್ತಿಗೆ ಒಂದೇ ಕಡೆ ನಿಂತಿದ್ದರೆ ಮಿತಿಯನ್ನು ಮೂವತ್ತರಿಂದ ಅರವತ್ತಕ್ಕೆ ಏರಿಸಿ ನೋಡಬಹುದು. ಆಗ ನೆನಪಿನಲ್ಲಿ 488 ಮೆಗಾಬೈಟ್ ಬೇಕಾಗುತ್ತದೆ, ಒಂದು ಸುತ್ತಿನ ನೆರಳಿನ ಖರ್ಚು ಸುಮಾರು ನಾಲ್ಕು ಪಟ್ಟಾಗುತ್ತದೆ.