ಕರಾರಿಗೆ ಮುಂಚೆ ದುಭಾಷಿಯ ಜತೆ ಒಂದು ಗಂಟೆ

ಮೈಸೂರಿನ ಒಂದು ಮಧ್ಯಮ ದರ್ಜೆಯ ಹೋಟೆಲ್ ಅಂತಿಟ್ಟುಕೊಳ್ಳಿ. ಜಪಾನಿನ ಪ್ರವಾಸ ಸಂಸ್ಥೆಯೊಂದರ ಇಬ್ಬರು ಪ್ರತಿನಿಧಿಗಳು ನಾಳೆ ಬರುತ್ತಿದ್ದಾರೆ. ಮುಂದಿನ ಸೀಸನ್ನಿಗೆ ದಿನಕ್ಕೆ 20 ರೂಮು, ಒಟ್ಟು 30 ರಾತ್ರಿ, ರೂಮಿಗೆ 7,200 ರೂಪಾಯಿ ದರ. ಬೆಂಗಳೂರಿನಿಂದ ಜಪಾನಿ ಬಲ್ಲ ದುಭಾಷಿಯೊಬ್ಬರು ಬಂದಿದ್ದಾರೆ. ಅವರಿಗೆ ಕಾಫಿ ಕೊಟ್ಟು, 'ನಾಳೆ ಹತ್ತಕ್ಕೆ ಮೀಟಿಂಗ್ ಮೇಡಂ' ಎಂದು ರೂಮಿಗೆ ಕಳಿಸಿದರೆ ಕೆಲಸ ಕೆಟ್ಟಂತೆಯೇ.

ಆಕೆಗೆ ಭಾಷೆ ಗೊತ್ತು, ಹೋಟೆಲಿನ ವ್ಯವಹಾರ ಗೊತ್ತಿರಲೇಬೇಕೆಂದಿಲ್ಲ. 'ಅಲಾಟ್‌ಮೆಂಟ್' ಎಂದರೆ ಹೋಟೆಲಿನವರ ಲೆಕ್ಕದಲ್ಲಿ ರೂಮುಗಳನ್ನು ಒಂದು ಗಡುವಿನ ತನಕ ಎತ್ತಿಡುವುದು, ಅಷ್ಟೇ. ಆ ಗಡುವಿಗೆ 'ರಿಲೀಸ್' ಎನ್ನುತ್ತಾರೆ. ರಿಲೀಸ್ 21 ದಿನ ಎಂದಾದರೆ, ನವೆಂಬರ್ 24ಕ್ಕೆ ಬರುವ ತಂಡದ ಹೆಸರುಗಳ ಪಟ್ಟಿ ನವೆಂಬರ್ 3ರೊಳಗೆ ಕೈಸೇರಬೇಕು. ಇಲ್ಲವಾದರೆ ರೂಮುಗಳನ್ನು ಹೋಟೆಲು ಬೇರೆಯವರಿಗೆ ಮಾರಿಕೊಳ್ಳಬಹುದು. ದುಭಾಷಿ ಇದನ್ನು 'ಬುಕ್ ಆದ ರೂಮು' ಎಂಬ ಅರ್ಥದಲ್ಲಿ ದಾಟಿಸಿದರೆ, ಬಂದವರು ಎಲ್ಲ ಗಟ್ಟಿಯಾಯಿತೆಂದು ನೆಮ್ಮದಿಯಿಂದ ಊರಿಗೆ ಹೋಗುತ್ತಾರೆ. ಜಗಳ ನವೆಂಬರಿನಲ್ಲಿ.

ಒಳ್ಳೆಯ ದುಭಾಷಿ ಈ ತಯಾರಿಯ ಹೊತ್ತಿನಲ್ಲಿ ಕೇಳಿಸಿಕೊಳ್ಳುವುದಕ್ಕಿಂತ ಹೆಚ್ಚಾಗಿ ಕೇಳುತ್ತಾರೆ.

'ಹದಿನೈದು ರೂಮಿಗೆ ಒಂದು ಉಚಿತ ಅಂತ ಬರೆದಿದ್ದೀರಲ್ಲ ಸರ್, ಹದಿನೈದಕ್ಕೆ ದುಡ್ಡು ಕೊಟ್ಟ ಮೇಲೆ ಹದಿನಾರನೆಯದ್ದೋ, ಹದಿನೈದರಲ್ಲೇ ಒಂದೋ?'

ಸೇಲ್ಸ್ ಮ್ಯಾನೇಜರು ತಲೆ ಕೆರೆದುಕೊಳ್ಳುವ ಜಾಗ ಇದು. ಹದಿನೈದು ರೂಮಿನ ತಂಡವೊಂದು ಎರಡು ರಾತ್ರಿ ತಂಗಿದರೆ ಈ ಎರಡು ಅರ್ಥಗಳ ನಡುವಿನ ಅಂತರ 14,400 ರೂಪಾಯಿ. ಹತ್ತು ತಂಡಕ್ಕೆ 1,44,000. ಇಂಗ್ಲಿಷಿನಲ್ಲಿ ಮಸುಕಾಗಿ ಬರೆದು ಜಾರಿಕೊಳ್ಳಬಹುದು. ಇನ್ನೊಂದು ಭಾಷೆಗೆ ಹೇಳುವಾಗ ಮಾತ್ರ ಯಾವುದಾದರೂ ಒಂದನ್ನು ಆರಿಸಲೇಬೇಕು. ಹೋಟೆಲು ತಾನೇ ತೀರ್ಮಾನಿಸದ ವಿಷಯವನ್ನು ದುಭಾಷಿ ಮೀಟಿಂಗಿನ ನಡುವೆ ಊಹೆಯಿಂದ ತೀರ್ಮಾನಿಸುವ ಹಾಗೆ ಆಗಬಾರದು.

ತೆರಿಗೆಯದೂ ಇಂಥದ್ದೇ ಕಥೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ. 5, ಅದನ್ನು ದಾಟಿದರೆ ಶೇ. 18. ನಮ್ಮ ಹೋಟೆಲಿನ 7,200ರ ರೂಮು ತೆರಿಗೆ ಸೇರಿ 7,560 ಆಗುತ್ತದೆ. ದಸರೆಯ ವಾರಕ್ಕೆ ಬರೀ 400 ಏರಿಸಿ 7,600 ಮಾಡಿದರೆ ಬಿಲ್ಲು 8,968ಕ್ಕೆ ಹಾರುತ್ತದೆ. ಕಾರಣ ತಿಳಿಯದ ದುಭಾಷಿ ಈ ಅಂಕಿಯನ್ನು ಹೇಳುವಾಗ ತಾವೇ ತಡವರಿಸುತ್ತಾರೆ. ಎದುರಿನವರಿಗೆ ಅದು ಹೋಟೆಲಿನ ದುರಾಸೆಯಂತೆ ಕೇಳಿಸುತ್ತದೆ.

ಅಂಕಿಗಳಿಗೆ ಪ್ರತ್ಯೇಕ ಹಾಳೆಯೇ ಬೇಕು. ನಾವು ಲಕ್ಷ, ಕೋಟಿಯಲ್ಲಿ ಎಣಿಸುತ್ತೇವೆ. ಜಪಾನೀಯರ ಎಣಿಕೆ 'ಮಾನ್' ಎಂಬ ಹತ್ತು ಸಾವಿರದ ಮೆಟ್ಟಿಲಲ್ಲಿ ಸಾಗುತ್ತದೆ. ಇಡೀ ಕರಾರಿನ ಮೊತ್ತ 43 ಲಕ್ಷ 20 ಸಾವಿರ ಎಂದು ಮ್ಯಾನೇಜರು ಬಾಯಲ್ಲಿ ಹೇಳಿದರೆ, ಆಕೆ ಅದನ್ನು ಮನಸ್ಸಿನಲ್ಲೇ 432 ಮಾನ್ ಮಾಡಿಕೊಳ್ಳಬೇಕು. ಒಂದು ಸೊನ್ನೆ ಜಾರಲು ಇಷ್ಟು ಸಾಕು. ಅಲ್ಪವಿರಾಮದ ಜಾಗವೂ ಬೇರೆ: ನಮ್ಮದು 43,20,000, ಅವರದು 4,320,000. ಎರಡೂ ಬಗೆಯಲ್ಲಿ ಬರೆದ ಹಾಳೆ ಮೇಜಿನ ಮೇಲಿದ್ದರೆ ಬೆರಳಿಟ್ಟು ತೋರಿಸಿದರಾಯಿತು. ಇದೇ ಹಾಳೆಯಲ್ಲಿ ಮಹಡಿಯ ಲೆಕ್ಕವನ್ನೂ ಬರೆದುಕೊಳ್ಳುವುದು ಕ್ಷೇಮ, ಏಕೆಂದರೆ ನಮ್ಮ ನೆಲಮಹಡಿಯೇ ಜಪಾನಿನಲ್ಲಿ ಒಂದನೇ ಮಹಡಿ. ಒಂದೇ ದೊಡ್ಡ ಮಂಚದ 'ಡಬಲ್' ಎಷ್ಟು, ಎರಡು ಬಿಡಿ ಮಂಚದ 'ಟ್ವಿನ್' ಎಷ್ಟು ಎಂಬುದನ್ನೂ.

ಇನ್ನು ಮಾತಿನ ವೇಗ. ಒಬ್ಬರು ಮಾತಾಡಿ ನಿಲ್ಲಿಸಿದ ಮೇಲೆ ದುಭಾಷಿ ಹೇಳುವ ಪದ್ಧತಿಯಲ್ಲಿ ಒಂದು ಗಂಟೆಯ ಮಾತುಕತೆಗೆ ಹತ್ತಿರಹತ್ತಿರ ಎರಡು ಗಂಟೆ ಬೇಕು. ಎರಡು ಮೂರು ವಾಕ್ಯಕ್ಕೊಮ್ಮೆ ನಿಲ್ಲಬೇಕು, ಆದರೆ ವಾಕ್ಯದ ನಡುವೆ ಅಲ್ಲ. ಜಪಾನಿಯಲ್ಲೂ ಕನ್ನಡದಂತೆ ಕ್ರಿಯಾಪದ ಕೊನೆಗೇ ಬರುತ್ತದೆ. 'ಕೊಡುತ್ತೇವೆ'ಯೋ 'ಕೊಡುವುದಿಲ್ಲ'ವೋ ತಿಳಿಯದೆ ಆಕೆ ವಾಕ್ಯ ಮುಗಿಸುವ ಹಾಗಿಲ್ಲ. ಮ್ಯಾನೇಜರು ಇಂಗ್ಲಿಷಿನಲ್ಲಿ 'ರೂಮು ವಾಪಸು ತಗೋತೀವಿ' ಎಂದು ಶುರುಮಾಡಿ ಷರತ್ತನ್ನು ಬಾಲಕ್ಕೆ ಕಟ್ಟುವುದಕ್ಕಿಂತ, '21 ದಿನದ ಮೊದಲು ಹೆಸರು ಬರದಿದ್ದರೆ' ಎಂದು ಷರತ್ತಿನಿಂದಲೇ ಹೊರಟರೆ ಆಕೆಗೆ ಸಲೀಸು. ಕನ್ನಡದಲ್ಲಿ ಯೋಚಿಸುವವರಿಗೆ ಈ ಕ್ರಮ ಹೇಗೂ ಬಾಯಿಗೆ ಬಂದೇ ಬರುತ್ತದೆ. ನಡುವೆ ಜೋಕು ಬೇಡ.

ಎದುರಿನವರು ತಲೆಯಾಡಿಸುತ್ತ 'ಹಾಯ್, ಹಾಯ್' ಎಂದರೆ ಎಷ್ಟೋ ಸಲ 'ಕೇಳಿಸಿಕೊಳ್ಳುತ್ತಿದ್ದೇವೆ' ಎಂದಷ್ಟೇ ಅರ್ಥ. ಅದನ್ನು ಒಪ್ಪಿಗೆಯೆಂದು ದಾಟಿಸಬಾರದು ಎಂಬುದನ್ನು ಆಕೆ ಬಲ್ಲರು. ಮ್ಯಾನೇಜರಿಗೂ ಗೊತ್ತಿದ್ದರೆ ಆತುರಪಟ್ಟು ದರ ಇಳಿಸುವುದಿಲ್ಲ. ಬಂದವರು ತಮ್ಮತಮ್ಮಲ್ಲೇ ಮಾತಾಡಿಕೊಂಡರೆ ಏನು ಮಾಡಬೇಕೆಂಬುದನ್ನೂ ಹಿಂದಿನ ದಿನವೇ ಗೊತ್ತುಮಾಡಿಕೊಳ್ಳಬೇಕು. 'ಅವರು ಚರ್ಚಿಸುತ್ತಿದ್ದಾರೆ' ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಸುಮ್ಮನಿರುವುದು ಮರ್ಯಾದೆಯ ದಾರಿ. ಕಿವಿಯಲ್ಲಿ ಪಿಸುಗುಟ್ಟಿಸಿಕೊಂಡರೆ ಆ ಕ್ಷಣಕ್ಕೆ ಲಾಭ ಅನಿಸೀತು, ಆದರೆ ಆಕೆಯ ಮೇಲೆ ಅತಿಥಿಗಳಿಗಿದ್ದ ನಂಬಿಕೆ ಅಲ್ಲಿಗೆ ಮುಗಿಯಿತು.

ಮೀಟಿಂಗ್ ಆದ ಮೇಲಿನ ಊಟವೂ ದುಭಾಷಿಗೆ ಕೆಲಸವೇ ಎಂಬುದನ್ನು ಬಹಳ ಜನ ಮರೆಯುತ್ತಾರೆ. ರದ್ದತಿಯ ಶುಲ್ಕದಂಥ ಕಗ್ಗಂಟು ಸಡಿಲವಾಗುವುದು ಎಷ್ಟೋ ಸಲ ಅಲ್ಲಿಯೇ. ಬಾಯಲ್ಲಿ ತುತ್ತಿಟ್ಟುಕೊಂಡು ಮಾತು ದಾಟಿಸಲಾಗದು. ಹಾಗಾಗಿ ಆ ಹೊತ್ತನ್ನೂ ಸಂಭಾವನೆಯ ಲೆಕ್ಕಕ್ಕೆ ಸೇರಿಸಿ, ಅತಿಥಿಗಳು ಕೂರುವ ಅರ್ಧ ಗಂಟೆ ಮೊದಲೇ ಆಕೆಗೆ ಊಟ ಬಡಿಸುವಂತೆ ಅಡುಗೆಮನೆಗೆ ಹೇಳಿಟ್ಟಿರಬೇಕು.